ಆ್ಯಂಟಿಬಯೋಟಿಕ್ ಅಲ್ಲ, ಫಿಟ್ಸ್ ಗುಳಿಗೆ ನೋಡ್ರಿ

"ಫಿಟ್ಸ್‌ಗೆ ಕಾರ್ಬಮಜೆಪಿನ್ 200 ದಿನಾ ಎರಡು ತಗೋತೀನಿ, ಜೊತೀಗೆ ಗರ್ಭ ನಿಲ್ಲಬಾರದಂತ ಮಾಲಾ-ಎನ್ ಗುಳಿಗೆ. ಈಗ ಹಲ್ಲಿಗೆ ಅಮಾಕ್ಸಿಸಿಲಿನ್ ಕೊಟ್ಟಾರ. ಮಾಲಾ-ಎನ್ ಕೆಲಸ ಮಾಡತದೇನು?"

ಅಕ್ಕಾರ, ಅಮಾಕ್ಸಿಸಿಲಿನ್‌ನಿಂದ ಮಾಲಾ-ಎನ್ ಶಕ್ತಿ ಕಡಿಮಿ ಆಗೂದಿಲ್ಲ. ಮಾಲಾ-ಎನ್ ನುಂಗಿದ 3 ತಾಸಿನೊಳಗ ವಾಂತಿ ಆದ್ರ ಮಾತ್ರ ಇನ್ನೊಂದು ತಗೋರಿ. ಆ್ಯಂಟಿಬಯೋಟಿಕ್‌ನಾಗ ಖರೇ ತೊಂದರಿ ಕೊಡೂದು ಟಿಬಿಗೆ ಕೊಡೋ ರಿಫಾಂಪಿಸಿನ್ ಗುಂಪು.

ನಿಮಗ ಚಿಂತಿ ಇರಬೇಕಾದ್ದು ಕಾರ್ಬಮಜೆಪಿನ್ ಬಗ್ಗೆ. ಅದು ಲಿವರ್‌ನ ಕಿಣ್ವಗಳನ್ನ ಹೆಚ್ಚಿಸತದ, ಅವು ಮಾಲಾ-ಎನ್‌ನ ಹಾರ್ಮೋನನ್ನ ಬೇಗ ಒಡೀತಾವ. ದಿನಾ ತಪ್ಪದ ನುಂಗಿದ್ರೂ ರಕ್ತದಾಗ ಸಾಕಷ್ಟು ಉಳಿಯೂದಿಲ್ಲ. ನಡುವ ರಕ್ತದ ಕಲೆ ಕಂಡ್ರ ಅದು ಸುಳಿವು ಇರಬಹುದು, ಆದ್ರ ಕಾಣದಿದ್ರ ಸುರಕ್ಷಿತ ಅಂತಲ್ಲ. ಫೆನಿಟಾಯಿನ್, ಫಿನೋಬಾರ್ಬಿಟಾಲ್ ಸೈತ ಹಿಂಗ. ಲೆವೆಟಿರಾಸಿಟಮ್ ಹಂಗಲ್ಲ.

ಫಿಟ್ಸ್ ಗುಳಿಗೆ ಮಾತ್ರ ನೀವಾಗೇ ಬಿಡಬ್ಯಾಡ್ರಿ, ಒಮ್ಮೆಲೇ ಬಿಟ್ರ ಫಿಟ್ಸ್ ಜೋರಾಗಿ ಮರಳತಾವ. ಇವತ್ತಿಂದನ ಕಾಂಡೋಮ್ ಬಳಸ್ರಿ. ಆಮ್ಯಾಲೆ ಧಾರವಾಡದ ಜಿಲ್ಲಾ ಆಸ್ಪತ್ರೆಗೆ ಹೋಗಿ ಕಾಪರ್-ಟಿ ಅಥವಾ 3 ತಿಂಗಳಿಗೊಮ್ಮೆ ಕೊಡೋ ಅಂತರಾ ಇಂಜೆಕ್ಷನ್ ಕೇಳ್ರಿ. ಕಾಪರ್-ಟಿಯೊಳಗ ಹಾರ್ಮೋನೇ ಇಲ್ಲ, ಅಂತರಾದ ಮ್ಯಾಲೂ ಕಾರ್ಬಮಜೆಪಿನ್ ಪರಿಣಾಮ ಬೀರೂದಿಲ್ಲ. ಮುಂದ ಡಾಕ್ಟರು ಕಾರ್ಬಮಜೆಪಿನ್ ಬದಲಿಸಿದ್ರೂ, ಕಡೀ ಗುಳಿಗೆ ಆದ ಮ್ಯಾಲೆ 4 ವಾರ ಮಾಲಾ-ಎನ್ ಒಂದನ್ನ ನಂಬಬ್ಯಾಡ್ರಿ. ಮುಟ್ಟು ತಡ ಆಗಿದ್ರ ಮೊದಲು ಮೂತ್ರ ಪರೀಕ್ಷೆ ಮಾಡಿಸ್ರಿ.