ನಲ್ಲಿ ಎಲ್ಲಾ ಬಂದ್, ಮೀಟರ್ ಮಾತ್ರ ತಿರುಗುತ್ತಿದೆ

"ಎಲ್ಲಾ ನಲ್ಲಿ ಮುಚ್ಚಿದೀನಿ, ಸಂಪ್ ತುಂಬಿದೆ. ಆದ್ರೂ ಮೀಟರ್ ತಿರುಗ್ತಾನೇ ಇದೆ. ಲೀಕ್ ಎಲ್ಲಿ ಅಂತ ಹೇಗೆ ಹುಡುಕೋದು?"

ಸಂಪ್ ಇರುವ ಮನೆಯಲ್ಲಿ ನಲ್ಲಿ ಮುಚ್ಚಿದರೆ ಸಾಲದು. ಮೀಟರ್ ಅಳೆಯುವುದು ಸಂಪ್‌ಗೆ ಬರುವ ನೀರನ್ನು. ಹಾಗಾಗಿ ಸಂಪ್ ಹತ್ತಿರದ ವಾಲ್ವ್ ಮುಚ್ಚಬೇಕು. ವಾಲ್ವ್ ಇಲ್ಲದಿದ್ದರೆ ಫ್ಲೋಟನ್ನು ಪೂರ್ತಿ ಮೇಲಕ್ಕೆತ್ತಿ ದಾರದಿಂದ ಕಟ್ಟಿ, ಸಂಪ್‌ಗೆ ನೀರು ಬೀಳುವುದು ಪೂರ್ತಿ ನಿಂತಿದೆಯೇ ನೋಡಿ.

ನೀರು ಬಂದ ತಕ್ಷಣ ನೋಡಬೇಡಿ, ಪೈಪಿನೊಳಗಿನ ಗಾಳಿಗೂ ಮೀಟರ್ ತಿರುಗುತ್ತದೆ. ಹತ್ತು ನಿಮಿಷ ಹರಿಯಲು ಬಿಟ್ಟು, ಆಮೇಲೆ ಮುಚ್ಚಿ. ಡಯಲ್ ಫೋಟೊ ತೆಗೆಯಿರಿ. ಅರ್ಧ ಗಂಟೆ ಬಿಟ್ಟು ಇನ್ನೊಂದು.

ನಮ್ಮ ಮನೆಯಲ್ಲಿ ಲೀಟರ್ ತೋರಿಸುವ ಕೆಂಪು ಅಂಕಿ 412 ಇದ್ದದ್ದು 421 ಆಗಿತ್ತು. ಗಂಟೆಗೆ 18 ಲೀಟರ್, ಸುಮ್ನೆ ಮಣ್ಣಿಗೆ! ಗೇಟಿನ ಪಕ್ಕ ಎರಡು ಕಲ್ಲಿನ ಸಂದಿಯಲ್ಲಿ ಮಾತ್ರ ಬೇಸಿಗೆಯಲ್ಲೂ ಹಸಿರು ಪಾಚಿ ಇತ್ತು. ಅಲ್ಲೇ ಅಗೆದಾಗ ಪೈಪಿನ ಎಲ್ಬೋ ಸೀಳಿತ್ತು.

ವಾಲ್ವ್ ಮುಚ್ಚಿದಾಗ ಮೀಟರ್ ನಿಂತುಬಿಟ್ಟರೆ ಮಣ್ಣೊಳಗಿನ ಪೈಪ್ ಸರಿಯಿದೆ, ಅಗೆಯಬೇಡಿ. ಆಗ ಫ್ಲೋಟಿನ ವಾಷರ್ ನೋಡಿ. ಅದು ಸವೆದಿದ್ದರೆ ತುಂಬಿದ ಸಂಪ್‌ಗೂ ನೀರು ಬೀಳುತ್ತಲೇ ಇರುತ್ತದೆ, ಹೆಚ್ಚಾದದ್ದು ಓವರ್‌ಫ್ಲೋ ಪೈಪಿನಿಂದ ಚರಂಡಿಗೆ ಹೋಗುತ್ತದೆ. ವಾಷರ್ ಚೆನ್ನಾಗಿದ್ದರೆ ಸಂಪ್ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು, ವಾಲ್ವ್ ತೆರೆಯದೆ, ಮೋಟರ್ ಹಾಕದೆ ಬೆಳಿಗ್ಗೆ ನೋಡಿ. ಇಳಿದಿದ್ದರೆ ಸಂಪೇ ಸೋರುತ್ತಿದೆ.