ಕೊನೆ ಮೋಲ್ಡ್ ದಿನದ ಭಾಷಣ

ತುಮಕೂರಲ್ಲಿ ನಮ್ಮ 18 ಮಹಡಿ ಕಟ್ಟಡದ ಕೊನೆ ಮೋಲ್ಡ್ ಮುಗೀತು. ಪ್ರಾಜೆಕ್ಟ್ ಡೈರೆಕ್ಟರ್ ಆಗಿ ನಾನು ಏನು ಮಾತಾಡಲಿ?

ಹೆಸರುಗಳ ಪಟ್ಟಿ ಓದಬೇಡಿ, ಒಂದು ಘಟನೆ ಹೇಳಿ. ಹಿಂದೆ ನಮ್ಮ ಸೈಟಲ್ಲಿ ಇಂಥದೇ ದಿನ ನಾನು ಹೀಗಂದಿದ್ದೆ: “ಹನ್ನೊಂದನೇ ಮಹಡೀಲಿ ಲಿಫ್ಟ್ ಗುಂಡಿ ಮುಚ್ಚಿದ್ದ ಹಲಗೆಯನ್ನ ಯಾರೋ ಸೆಂಟ್ರಿಂಗಿಗೆ ಎತ್ಕೊಂಡಿದ್ರು. ಕಂಬಿ ಕಟ್ಟೋ ಹುಡುಗ ನೋಡಿದ. ಬೇರೆ ಹಲಗೆ ಬರೋವರೆಗೂ ಅಲ್ಲೇ ನಿಂತು ಎಲ್ಲರನ್ನೂ ತಡೆದ. ಥ್ಯಾಂಕ್ಸ್ ಮೊದಲು ಅವನಿಗೆ.” ಎಂಜಿನಿಯರುಗಳಿಗಿಂತ ಅವನಿಗೇ ಚಪ್ಪಾಳೆ ಜೋರಾಗಿ ಬಿತ್ತು.

ಆಮೇಲೆ “ಕೆಲಸ ಮುಗೀತು” ಅಂತ ಮಾತ್ರ ಅನ್ನಬೇಡಿ. ಕೊನೆ ಸ್ಲ್ಯಾಬಿನ ಕೆಳಗೆ ಜಾಕಿಗಳು ಇನ್ನೂ ನಿಂತಿರುತ್ತವೆ. ಸ್ಪ್ಯಾನ್ 4.5 ಮೀಟರ್ ದಾಟಿದ್ರೆ, ಸಾಮಾನ್ಯ ಸಿಮೆಂಟಿಗೆ, ಕನಿಷ್ಠ 14 ದಿನ ಅವನ್ನ ಬಿಚ್ಚುವಂತಿಲ್ಲ. ಊರಿಗೆ ಹೋಗೋ ಆತುರದಲ್ಲಿ ಬೇಗ ಬಿಚ್ಚಿಬಿಡೋ ಅಪಾಯ ಇರೋದು ಈಗಲೇ. ಇದನ್ನ ಬಿಹಾರ, ಒಡಿಶಾದವರಿಗೆ ಹಿಂದೀಲೂ ಹೇಳಿ. ಐದೇ ನಿಮಿಷ, ಊಟಕ್ಕೆ ಮುಂಚೆ.