ಎಂಡ್‌ಗೇಮ್ ಆದಮೇಲೆ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು

ಪ್ರಶ್ನೆ: 2019ರ ಅವೆಂಜರ್ಸ್ ಎಂಡ್‌ಗೇಮ್‌ವರೆಗೆ ಮಾರ್ವೆಲ್‌ನ ಸೂಪರ್‌ಹೀರೋ ಸಿನಿಮಾ ಎಲ್ಲ ನೋಡಿದ್ದೆ. ಆಮೇಲೆ ಸಾಕಾಯ್ತು. ಈಗ ಮತ್ತೆ ನೋಡೋಣ ಅನಿಸುತ್ತಿದೆ, ಆದರೆ ಒಂದು ಸಿನಿಮಾಕ್ಕೋಸ್ಕರ ನಾಲ್ಕು ಸೀರೀಸ್ ನೋಡುವ ತಾಳ್ಮೆ ಇಲ್ಲ. ಇರುವುದು ಕಾರವಾರದಲ್ಲಿ, ದೊಡ್ಡ ಪರದೆ ಬೇಕೆಂದರೆ ಮಡಗಾಂವ್‌ಗೆ ಹೋಗಬೇಕು. ಯಾವುದು ನೋಡಬಹುದು ಅಂತ ಮೊದಲೇ ತಿಳಿಯೋದು ಹೇಗೆ?

ನಾನಿರುವುದು ಶಿರಸಿಯಲ್ಲಿ. ಇಂಥ ಸಿನಿಮಾ ನೋಡಲು ನಾನು ಹೋಗುವುದು ಹುಬ್ಬಳ್ಳಿಗೆ. ಘಟ್ಟದ ಮೇಲಿಂದ ಅಷ್ಟು ದೂರ ಹೋಗಿಬರುವುದೆಂದರೆ ಒಂದು ದಿನ ಅದಕ್ಕೇ ಮೀಸಲು. ಹೊರಡುವ ಮೊದಲು, ಸಿನಿಮಾ ನೋಡಿ ಬಂದವರ ಹತ್ತಿರ ನಾನು ಕೇಳುವುದು ಒಂದೇ ಮಾತು: ಮುಖ್ಯ ಪಾತ್ರದ ಸಂಕಟ ಈ ಸಿನಿಮಾದಲ್ಲೇ ಹುಟ್ಟುತ್ತದೆಯಾ, ಇಲ್ಲ ಬೇರೆಲ್ಲೋ ಹುಟ್ಟಿ ಇಲ್ಲಿಗೆ ಬಂದಿದೆಯಾ? ಕಥೆ ಹೇಳಬೇಡಿ, ಇಷ್ಟು ಮಾತ್ರ ಹೇಳಿ ಅನ್ನುತ್ತೇನೆ.

ಪಾತ್ರ ಹಳೆಯದಾಗಿದ್ದರೆ ಏನೂ ತೊಂದರೆಯಿಲ್ಲ. ನಮ್ಮ ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದು, ತಾನು ಯಾರು, ಈಗ ಯಾಕೆ ಬಂದೆ ಅಂತ ಹೇಳಿಯೇ ಮುಂದೆ ಹೋಗುತ್ತದೆ ಅಲ್ವಾ? ಹಿಂದಿನ ರಾತ್ರಿಯ ಪ್ರಸಂಗ ನೋಡದವರಿಗೂ ಆಟ ಹಿಡಿಸುತ್ತದೆ. ಒಳ್ಳೆಯ ಸೂಪರ್‌ಹೀರೋ ಸಿನಿಮಾ ಕೂಡ ಆ ಕೆಲಸ ಮಾಡಲೇಬೇಕು. ಮಾಡದಿದ್ದರೆ, ನೀವು ಹಿಂದಿನದೆಲ್ಲ ನೋಡಿದ್ದೀರಿ ಅಂತ ಅದು ಅಂದುಕೊಂಡಿದೆ.

ಇದಕ್ಕೆ ಸರಿಯಾದ ಉದಾಹರಣೆ 2022ರ ಡಾಕ್ಟರ್ ಸ್ಟ್ರೇಂಜ್ ಇನ್ ದಿ ಮಲ್ಟಿವರ್ಸ್ ಆಫ್ ಮ್ಯಾಡ್‌ನೆಸ್. ಹೆಸರು ನೋಡಿದರೆ ಇದು ಡಾಕ್ಟರ್ ಸ್ಟ್ರೇಂಜ್‌ನ ಎರಡನೇ ಸಿನಿಮಾ. ಮೊದಲನೆಯದನ್ನು ನೋಡಿದ್ದರೆ ಸಾಕು ಅನಿಸುತ್ತದೆ. ಆದರೆ ಇದರ ಕಥೆಯನ್ನು ಎಳೆಯುವವಳು ಅವೆಂಜರ್ಸ್ ತಂಡದಲ್ಲಿದ್ದ ವಾಂಡಾ. ತನ್ನ ಇಬ್ಬರು ಗಂಡುಮಕ್ಕಳಿಗಾಗಿ ಅವಳು ಯಾರನ್ನಾದರೂ ಕೊಲ್ಲಲು ತಯಾರು. ಆ ಮಕ್ಕಳು ಯಾರು? ಅವರು ಹುಟ್ಟಿದ್ದು, ಇಲ್ಲವಾದದ್ದು ಎರಡೂ 2021ರ ವಾಂಡಾವಿಷನ್ ಸೀರೀಸ್‌ನಲ್ಲಿ. ಸಿನಿಮಾದಲ್ಲಿ ಅದಕ್ಕೆ ಸಿಗುವುದು ಕೆಲವು ಮಾತು, ಒಂದೆರಡು ಕನಸಿನ ದೃಶ್ಯ ಅಷ್ಟೇ. ಎಂಡ್‌ಗೇಮ್‌ನಲ್ಲಿ ಥಾನೋಸ್‌ನ ಎದುರು ನಿಂತಿದ್ದವಳು ಇಲ್ಲಿ ಏಕಾಏಕಿ ಖಳನಾಯಕಿಯಾದಂತೆ ನಿಮಗೆ ಕಾಣುತ್ತದೆ. ಹೊಡೆದಾಟ ಅರ್ಥವಾಗುತ್ತದೆ, ಅವಳ ಅಳು ಮಾತ್ರ ತಟ್ಟುವುದಿಲ್ಲ. ಕೊನೆಗೆ ಅವಳು ಮನಸ್ಸು ಬದಲಿಸುವುದೂ ಆ ಮಕ್ಕಳನ್ನು ನೋಡಿಯೇ. ಅಂದರೆ ಸಿನಿಮಾದ ಶುರುವೂ ಕೊನೆಯೂ ಬೇರೆ ಕಡೆ ಇಟ್ಟ ಗಂಟಿನ ಮೇಲೆ ನಿಂತಿವೆ.

ಈಗ ಲೆಕ್ಕ ಹಾಕಿ. ಸಿನಿಮಾ ಎರಡು ಗಂಟೆ ಚಿಲ್ಲರೆ. ಅದು ತಟ್ಟಬೇಕೆಂದರೆ ನೋಡಬೇಕಾದ ಸೀರೀಸ್ 9 ಕಂತು. ಮುನ್ನುಡಿಯೇ ಪುಸ್ತಕಕ್ಕಿಂತ ಜಾಸ್ತಿ ಆಯಿತು.

ಆದರೆ ಅದೇ ಪ್ರಶ್ನೆಯನ್ನು ವಾಂಡಾವಿಷನ್‌ಗೆ ಕೇಳಿ ನೋಡಿ, ಉತ್ತರ ತಿರುಗಿಬಿಡುತ್ತದೆ. ಇನ್ಫಿನಿಟಿ ವಾರ್‌ನಲ್ಲಿ ತಾನು ಪ್ರೀತಿಸಿದ ವಿಷನ್‌ನನ್ನು ವಾಂಡಾ ತನ್ನ ಕೈಯಾರೆ ಕೊಲ್ಲಬೇಕಾಯಿತು, ಥಾನೋಸ್ ಕಾಲವನ್ನು ಹಿಂದಕ್ಕೆ ತಿರುಗಿಸಿ ಅವನನ್ನು ಮತ್ತೊಮ್ಮೆ ಕೊಂದ. ಇದು ನಿಮಗೆ ಗೊತ್ತೇ ಇದೆ. ಅಷ್ಟು ಸಾಕು. ಪ್ರೀತಿಸಿದವನ ಸಾವನ್ನು ಒಪ್ಪಿಕೊಳ್ಳಲಾಗದ ಹೆಣ್ಣೊಬ್ಬಳು ಒಂದು ಇಡೀ ಊರನ್ನು ಹಳೇ ಟೀವಿ ಧಾರಾವಾಹಿಯಂತೆ ಮಾಡಿಕೊಂಡು ಅದರೊಳಗೆ ಸಂಸಾರ ಹೂಡುವ ಕಥೆ ಅದು. ಶುರುವಿನ ಕಂತುಗಳು ಕಪ್ಪು ಬಿಳುಪು, ನಗುವಿನ ಸದ್ದು, ಹಳೇ ಕಾಲದ ಮನೆ. ಇದೇನಿದು ಅನಿಸಿದರೂ 4ನೇ ಕಂತಿನವರೆಗೆ ತಡೆಯಿರಿ, ಹೊರಗೆ ಏನಾಗುತ್ತಿದೆ ಅಂತ ಅಲ್ಲಿ ತೆರೆದುಕೊಳ್ಳುತ್ತದೆ. ನನ್ನ ಸಲಹೆ ಇಷ್ಟೇ: ಸೀರೀಸ್ ನೋಡಿ, ಅದರ ಮೇಲೆ ನಿಂತ ಸಿನಿಮಾ ಬಿಡಿ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವ ನಮ್ಮಂಥ ಕಡೆ ಕಂತುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಒಳ್ಳೆಯದು.

2025ರ ಥಂಡರ್‌ಬೋಲ್ಟ್ಸ್ ಇದಕ್ಕೆ ಪೂರ್ತಿ ವಿರುದ್ಧ. ಮೇಲಿಂದ ನೋಡಿದರೆ ಹೆದರಿಕೆಯಾಗುತ್ತದೆ. ನಾಯಕಿ ಯೆಲೆನಾ ಬ್ಲ್ಯಾಕ್ ವಿಡೋ ಸಿನಿಮಾದವಳು, ಒಬ್ಬ ಫಾಲ್ಕನ್ ಅಂಡ್ ದಿ ವಿಂಟರ್ ಸೋಲ್ಜರ್ ಸೀರೀಸ್‌ನವನು, ಇನ್ನೊಬ್ಬಳು ಎರಡನೇ ಆಂಟ್‌ಮ್ಯಾನ್‌ನವಳು. ಹೋಮ್‌ವರ್ಕ್ ರಾಶಿ ಬಿದ್ದಿದೆ ಅನಿಸುತ್ತದೆ. ಆದರೆ ಯೆಲೆನಾಗೆ ಬದುಕು ಖಾಲಿ ಅನಿಸುತ್ತಿರುವುದನ್ನು ಅವಳೇ ಮೊದಲ ದೃಶ್ಯದಲ್ಲಿ ಹೇಳುತ್ತಾಳೆ. ಅವಳ ಎದುರು ನಿಲ್ಲುವ ಬಾಬ್ ಹೊಚ್ಚ ಹೊಸ ಪಾತ್ರ, ಅವನ ಬಾಲ್ಯದ ನೋವನ್ನು ಸಿನಿಮಾವೇ ತೋರಿಸುತ್ತದೆ. ಕೊನೆಯ ಕಾದಾಟವೂ ಆ ನೋವಿನ ಒಳಗೇ ನಡೆಯುತ್ತದೆ. ಉಳಿದವರ ಬಗ್ಗೆ, ಹಿಂದೆ ಕೆಟ್ಟ ಕೆಲಸ ಮಾಡಿ ಈಗ ಯಾರಿಗೂ ಬೇಡವಾದವರು ಅಂತ ತಿಳಿದಿದ್ದರೆ ಸಾಕು. ಯೆಲೆನಾ ಬ್ಲ್ಯಾಕ್ ವಿಡೋ ನತಾಶಾಳ ತಂಗಿ ಅನ್ನುವುದೊಂದು ಗೊತ್ತಿರಲಿ. ನತಾಶಾ ಏನಾದಳು ಅಂತ ನಿಮಗೆ ಎಂಡ್‌ಗೇಮ್‌ನಿಂದ ಗೊತ್ತು.

ಹಾಗಾಗಿ ಎಷ್ಟು ಹಳೇ ಪಾತ್ರ ಇವೆ ಅಂತ ಎಣಿಸುವುದರಿಂದ ಉಪಯೋಗವಿಲ್ಲ. ಕಂಪನಿಯ ಗುರುತನ್ನೂ ಪೂರ್ತಿ ನಂಬಲಾಗದು. ಮಾರ್ವೆಲ್‌ನವರು ಸ್ಪಾಟ್‌ಲೈಟ್ ಅಂತ ಒಂದು ಹೆಸರು ಶುರು ಮಾಡಿದರು, ಹಿಂದಿನದು ನೋಡದೆಯೂ ನೋಡಬಹುದು ಅನ್ನುವುದಕ್ಕೆ. ಆ ಹೆಸರಿನಲ್ಲಿ ಮೊದಲು ಬಂದದ್ದು 2024ರ ಎಕೋ. ಅದರ ನಾಯಕಿ ಮಾಯಾಳ ಸೇಡಿನ ಕಥೆ ಶುರುವಾದದ್ದು ಮಾತ್ರ ಹಾಕ್‌ಐ ಸೀರೀಸ್‌ನಲ್ಲಿ.

ಮಾರ್ವೆಲ್‌ನ ಎದುರಾಳಿ ಡಿಸಿ ಕಡೆಯೂ ನೋಡಿ. ಜೇಮ್ಸ್ ಗನ್‌ರ 2025ರ ಸೂಪರ್‌ಮ್ಯಾನ್ ಹೊಸ ಸಾಲಿನ ಮೊದಲ ಸಿನಿಮಾ. ಶುರುವಿನಲ್ಲೇ ಪರದೆಯ ಮೇಲೆ ಕೆಲವು ಸಾಲು ಬರುತ್ತವೆ. 3 ಶತಮಾನದ ಹಿಂದೆ ಏನಾಯಿತು ಅನ್ನುವುದರಿಂದ ಹಿಡಿದು 3 ನಿಮಿಷದ ಹಿಂದೆ ಅವನು ಮೊದಲ ಸಲ ಸೋತ ಅನ್ನುವವರೆಗೆ. ಆಮೇಲೆ ಗಾಯಗೊಂಡ ಸೂಪರ್‌ಮ್ಯಾನ್ ಮಂಜಿನ ಮೇಲೆ ಬಂದು ಬೀಳುತ್ತಾನೆ. ಕಥೆ ನಡುವಿನಿಂದ ಶುರುವಾದರೂ ನೀವು ಹೊರಗುಳಿಯುವುದಿಲ್ಲ. ಕೊನೆಯಲ್ಲಿ ಸೂಪರ್‌ಗರ್ಲ್ ಬಂದು ಹೋಗುತ್ತಾಳೆ, ಅದು ಮುಂದಿನ ಸಿನಿಮಾದ ಜಾಹೀರಾತು ಅಷ್ಟೇ. ಹೆಸರುಗಳು ಮುಗಿದ ಮೇಲೆ ಬರುವ ತುಣುಕುಗಳೂ ಸಾಮಾನ್ಯವಾಗಿ ಅಂಥವೇ. ಮಡಗಾಂವ್‌ನಿಂದ ವಾಪಸ್ ರೈಲು ಹಿಡಿಯುವುದಿದ್ದರೆ ಧಾರಾಳವಾಗಿ ಎದ್ದು ಬನ್ನಿ.

ಈ ಪ್ರಶ್ನೆಗೆ ಸಿಗದ ಎರಡು ಸಂಗತಿ ಇವೆ. ಡೆಡ್‌ಪೂಲ್ ಅಂಡ್ ವೂಲ್ವರಿನ್‌ನಂಥದರಲ್ಲಿ ಮಜಾ ಇರುವುದೇ ಹಳೇ ಮುಖ ಕಂಡಾಗ ಆಗುವ ಖುಷಿಯಲ್ಲಿ. ಇಪ್ಪತ್ತು ವರ್ಷದ ಹಿಂದಿನ ಸಿನಿಮಾಗಳ ನಟರು ಬರುತ್ತಾರೆ, ಅವರ ಪರಿಚಯವಿಲ್ಲದಿದ್ದರೆ ಅಕ್ಕಪಕ್ಕದವರು ಯಾಕೆ ಕೂಗುತ್ತಿದ್ದಾರೆ ಅಂತ ನೋಡುತ್ತಾ ಕೂರಬೇಕು. ಇನ್ನೊಂದು, 2023ರ ಅಕ್ರಾಸ್ ದಿ ಸ್ಪೈಡರ್‌ವರ್ಸ್. ತುಂಬ ಚೆಂದದ ಸಿನಿಮಾ, ಆದರೆ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಪೂರ್ತಿ ಕಥೆಯೇ ಬೇಕೆಂದರೆ 2018ರ ಮೊದಲ ಭಾಗ ನೋಡಿ, ಅದು ತನ್ನಷ್ಟಕ್ಕೆ ಮುಗಿಯುತ್ತದೆ.

ಮನೆಯಲ್ಲೇ ನೋಡಲು ಒಂದನ್ನೇ ಆರಿಸು ಅಂದರೆ ನಾನು 2024ರ ದಿ ಪೆಂಗ್ವಿನ್ ಅನ್ನುತ್ತೇನೆ. 8 ಕಂತು, ಬ್ಯಾಟ್‌ಮ್ಯಾನ್ ಒಮ್ಮೆಯೂ ಬರುವುದಿಲ್ಲ. ಇದು 2022ರ ದಿ ಬ್ಯಾಟ್‌ಮ್ಯಾನ್ ಮುಗಿದ ಬೆನ್ನಿಗೇ ನಡೆಯುವ ಕಥೆ. ಆ ಸಿನಿಮಾದಿಂದ ನಿಮಗೆ ಬೇಕಾದದ್ದು ಎರಡೇ ವಿಷಯ: ಗಾಥಮ್‌ನ ತಡೆಗೋಡೆ ಒಡೆದು ಊರಿಗೆ ನೀರು ನುಗ್ಗಿದೆ, ಊರಿನ ದೊಡ್ಡ ಡಾನ್ ಫಾಲ್ಕೋನ್ ಸತ್ತಿದ್ದಾನೆ. ಖಾಲಿಯಾದ ಆ ಜಾಗಕ್ಕೆ ಅವನ ಕೈಕೆಳಗಿದ್ದ ಆಜ್, ಅಂದರೆ ಪೆಂಗ್ವಿನ್, ಮತ್ತು ಫಾಲ್ಕೋನ್‌ನ ಮಗಳು ಸೋಫಿಯಾ ಬಡಿದಾಡುತ್ತಾರೆ. ಸೋಫಿಯಾ ಯಾಕೆ ಹೀಗಾದಳು ಅಂತ 4ನೇ ಕಂತು ಪೂರ್ತಿ ಹೇಳುತ್ತದೆ. ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ, ಹಿಂಸೆ ಜಾಸ್ತಿ ಇದೆ.